ಪರ್ಯಾಯ ಪದ

ಕಾಫಿ ಬೇಕಾಗಿತ್ತು, ಚಹಾ ಕೇಳಿದ.

ಕೌಂಟರಿನಾಕೆ ಚಹಾ ಕೊಟ್ಟಳು. ಇಪ್ಪತ್ತು ವರ್ಷಗಳಿಂದ ಅವನು ಚಹಾ ಕುಡಿಯುತ್ತಿದ್ದ. ಅದರ ರುಚಿ ಇವತ್ತಿಗೂ ಹಿಡಿಸಿರಲಿಲ್ಲ. ಸಾಲಿನಲ್ಲಿ ಮುಂದೆ ಮೂವರಿದ್ದಾಗಲೇ ಗಂಟಲೊಳಗೆ 'ಕ' ಬಾಗಿಲು ಹಾಕಿಕೊಂಡಿತ್ತು. ಇಬ್ಬರಿದ್ದಾಗ ಚಿಲಕ ಬಿತ್ತು. ಅವನ ಸರದಿ ಬರುವ ಹೊತ್ತಿಗೆ ಇನ್ನೊಂದು ಪದ ನಾಲಿಗೆಯ ತುದಿಗೆ ಬಂದು, ಹೊರಡಲು ಸಿದ್ಧವಾಗಿ, ಚಪ್ಪಲಿ ಮೆಟ್ಟಿಕೊಂಡು ನಿಂತಿತ್ತು.

"ದಿನಾ ಚಹಾನೇ. ಒಂದು ದಿನ ಕಾಫಿ ಕುಡಿದು ನೋಡಿ ಸಾರ್," ಎಂದಳು ಆಕೆ.

"ನನಗೆ ಒಗ್ಗಲ್ಲ," ಎಂದ. ನಿರರ್ಗಳವಾಗಿ.

ಲೋಟ ಹಿಡಿದು ಲಿಫ್ಟಿಗೆ ಹೋದ. ಐದನೆಯ ಮಹಡಿಯ ಗುಂಡಿ ಒತ್ತಿದ. "ಮೇಲೆ ಹೋಗುತ್ತಿದೆ," ಎಂದು ತಲೆಯ ಮೇಲಿನ ಜಾಲರಿಯೊಳಗಿಂದ ಅವನದೇ ಧ್ವನಿ ಹೇಳಿತು. ತುಂಬು ಧ್ವನಿ, ಅವಸರವಿಲ್ಲ, ಅನುಮಾನವಿಲ್ಲ. ಹನ್ನೊಂದು ವರ್ಷದ ಹಿಂದೆ ಲಿಫ್ಟ್ ತಯಾರಿಸುವವರಿಗೆ ಅವನು ಓದಿಕೊಟ್ಟದ್ದು. 'ಮೇಲೆ ಹೋಗುತ್ತಿದೆ' ಒಂದೇ ಸಲಕ್ಕೆ ಬಂದಿತ್ತು. 'ಕೆಳಗೆ ಹೋಗುತ್ತಿದೆ'ಗೆ ಮೂವತ್ತೊಂದು ಸಲ ಬೇಕಾಯಿತು. ಇಪ್ಪತ್ತಾರನೆಯದರ 'ಕೆ', ಮೂವತ್ತೊಂದನೆಯದರ 'ಳಗೆ'. ಅಂಟು ಹಾಕಿದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಆ ಲಿಫ್ಟುಗಳು ಈಗ ಊರಿನ ಅರ್ಧ ಕಟ್ಟಡಗಳಲ್ಲಿದ್ದವು.

ಅಂಗಿಯ ಜೇಬಿನಲ್ಲಿ ತಂಗಿ ಕಳಿಸಿದ ಆಮಂತ್ರಣದ ಕಾರ್ಡಿತ್ತು. ಇವತ್ತು ಸಂಜೆ ಆರಕ್ಕೆ. ಅಲ್ಲಿ ಹೇಳಿಬಿಡಬೇಕೆಂದು ಅವನು ಮೂರು ದಿನಗಳಿಂದ ನಿರ್ಧರಿಸುತ್ತಿದ್ದ. ನಿರ್ಧರಿಸುವುದಕ್ಕೆ ಮಾತು ಬೇಕಾಗಿಲ್ಲವಾದ್ದರಿಂದ ಅದು ಸಲೀಸಾಗಿ ಸಾಗಿತ್ತು.

ಕಚೇರಿಯಲ್ಲಿ ಅವನನ್ನು 'ನಿಘಂಟು' ಎಂದು ಕರೆಯುತ್ತಿದ್ದರು. ಫೋನಿನಲ್ಲಿ, ಲಿಫ್ಟಿನಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಜನ ಕೇಳುವ ಪ್ರಕಟಣೆಗಳನ್ನು ತಯಾರಿಸುವ ಕಂಪನಿ ಅದು. ಎಲ್ಲರೂ ಆಡುವ ಪದದ ಜಾಗದಲ್ಲಿ ಇನ್ನೊಂದನ್ನು ಇಟ್ಟು ಮಾತಾಡುವ ಅವನ ರೀತಿಯನ್ನು ಎಲ್ಲರೂ ಓದಿನ ಫಲ ಎಂದುಕೊಂಡಿದ್ದರು. 'ಕಷ್ಟ' ಎನ್ನುವ ಕಡೆ 'ದುಸ್ತರ' ಎಂದರೆ, 'ಕತ್ತರಿ' ಕೇಳುವ ಕಡೆ 'ಅದೇ, ಆ ಹರಿತವಾದದ್ದು' ಎಂದರೆ, ಪಾಂಡಿತ್ಯ ಅಂದುಕೊಳ್ಳುವುದು ಸುಲಭ. ಓಡಿಹೋಗುತ್ತಿದ್ದಾನೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಎಲ್ಲ ಪದಕ್ಕೂ ಪರ್ಯಾಯವಿತ್ತು. ಅವನ ಹೆಸರಿಗೆ ಇರಲಿಲ್ಲ. ಆ ಹೆಸರು 'ಕ'ದಿಂದ ಶುರುವಾಗುತ್ತಿತ್ತು. ಅಪ್ಪ ಅಮ್ಮ ಬಹಳ ಆಸೆಪಟ್ಟು ಇಟ್ಟ ಹೆಸರು. ಅದನ್ನು ಕೇಳಿದವರಿಗೆ ಅವನು ವಿಸಿಟಿಂಗ್ ಕಾರ್ಡ್ ಕೊಡುತ್ತಿದ್ದ; ಒಂದು ಮುಗುಳ್ನಗೆಯ ಜೊತೆ. ಶಿಸ್ತಿನ ಮನುಷ್ಯ ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು.

ಹನ್ನೊಂದಕ್ಕೆ ಮ್ಯಾನೇಜರ್ ಮೊಬೈಲ್ ಎತ್ತಿ ಹಿಡಿದುಕೊಂಡೇ ಒಳಗೆ ಬಂದ.

"ನೋಡ್ರಪ್ಪ ಇಲ್ಲಿ. ಗೋಡೆ ಮೇಲೆ ಅಂಟಿಸಿದಾರೆ. 'ಉಗ್ಗರ ಕೂಟ, ಐದನೇ ವರ್ಷ.' ಇಷ್ಟು ದಪ್ಪ ಅಕ್ಷರ! ಮೊನ್ನೆ ನಾನು ಫೋನಲ್ಲಿ ಒಬ್ಬನಿಗೆ, 'ಲೋ ಉಗ್ಗ, ಬೇಗ ಹೇಳೋ' ಅಂದಿದ್ದಕ್ಕೆ ದೂರು ಕೊಟ್ಟ. ಈಗ ಇದಕ್ಕೇನಂತೀರಿ?"

"ಅವರು ಅಂದ್ಕೊಳ್ಳೋದು ಬೇರೆ, ನಾವು ಅನ್ನೋದು ಬೇರೆ ಸಾರ್," ಎಂದಳು ರೆಕಾರ್ಡಿಂಗ್ ನೋಡಿಕೊಳ್ಳುವವಳು, ಹೆಡ್‌ಫೋನಿನ ಒಂದು ಕಿವಿಯನ್ನಷ್ಟೇ ಸರಿಸಿ.

"ಪದ ಒಂದೇ ತಾನೇ? ಅವರ ಬಾಯಲ್ಲಿ ಸಕ್ಕರೆ, ನನ್ನ ಬಾಯಲ್ಲಿ ಸುಣ್ಣನಾ? ನಿಘಂಟು ಸಾರ್, ನೀವೇ ತೀರ್ಪು ಕೊಡಿ."

ಅವನು ಕೊಟ್ಟ. ಇಂಥ ವಿಷಯಗಳಲ್ಲಿ ಅವನ ಓದು ಪರಿಪೂರ್ಣವಾಗಿತ್ತು.

"ಪದ ಒಂದೇ, ದಿಕ್ಕು ಬೇರೆ. ಹೊರಗಿನವರು ಎಸೆದಾಗ ಅದು ಮಾತನ್ನ ಮುಗಿಸಿಬಿಡುತ್ತೆ. ಇವನು ಇಷ್ಟೇ, ಇವನ ಹತ್ತಿರ ಸಮಯ ಹಾಳು ಅಂತ. ಬಿದ್ದದ್ದನ್ನ ಅವರೇ ಎತ್ತಿ ಹಣೆಗೆ ಅಂಟಿಸಿಕೊಂಡರೆ ಎಸೆಯೋರ ಬಳಿ ಎಸೆಯೋದಕ್ಕೆ ಏನೂ ಉಳಿಯಲ್ಲ. ಹಾಗಂತ ಊರಿಗೆಲ್ಲಾ ಹಂಚಿದರು ಅಂತಲ್ಲ. ಹಳೇ ಪೆಟ್ಟು ಪದದೊಳಗೇ ಇರುತ್ತೆ. ಪೆಟ್ಟು ತಿಂದೋರು ಅದನ್ನ ಹಿಡಿಯೋ ಬಗೆ ಬೇರೆ, ಹೊಡೆದವರು ಹಿಡಿಯೋ ಬಗೆ ಬೇರೆ."

"ಹಾಗಾದ್ರೆ ನೀವೂ ಅನ್ನೋ ಹಾಗಿಲ್ಲ?"

"ಇಲ್ಲ," ಎಂದ. "ನಾನೂ ಹೊರಗಿನವನೇ."

"ಛೆ, ಪಾಠ ಮಾಡಿಬಿಟ್ರಲ್ಲ," ಎಂದು ಮ್ಯಾನೇಜರ್ ಕಣ್ಣು ಮೇಲೆ ಹೊರಳಿಸಿ, ದವಡೆ ಅದುರಿಸಿ, "ಒ-ಒ-ಒಪ್ಪಿದೆ" ಎಂದ. ಎಲ್ಲರೂ ನಕ್ಕರು. ಹೆಡ್‌ಫೋನಿನವಳು ನಗಲಿಲ್ಲ. ಅವನು ನಕ್ಕ. ನಗುವುದರಲ್ಲಿ ಮೊದಲಿಗನೂ ಆಗಬಾರದು, ಕೊನೆಯವನೂ ಆಗಬಾರದು. ಅದರ ಅಳತೆ ಅವನಿಗೆ ಶಾಲೆಯಿಂದಲೇ ಗೊತ್ತಿತ್ತು.

ಮಧ್ಯಾಹ್ನ ಒಂದು ಆಸ್ಪತ್ರೆಯ ಫೋನಿಗೆ ಓದಬೇಕಾಗಿತ್ತು. 'ದಯವಿಟ್ಟು ಕಾಯಿರಿ.' ಅವನು 'ನಿರೀಕ್ಷಿಸಿ' ಎಂದು ತಿದ್ದಿ ಕಳಿಸಿದ್ದ. ರೋಗಿಗಳಿಗೆ ಅರ್ಥವಾಗುವುದಿಲ್ಲ ಎಂದು ಅವರು ವಾಪಸು ತಿದ್ದಿದ್ದರು. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಒಬ್ಬನೇ ಓದಿದ. ಹದಿನಾಲ್ಕನೆಯ ಸಲಕ್ಕೆ ಕೂಡಿತು. ಪರದೆಯ ಮೇಲೆ ಅವನ ಧ್ವನಿ ಗುಡ್ಡಗಳಾಗಿ ಮಲಗಿತ್ತು. ನಡುನಡುವೆ, ಬಾಯಿ ತೆರೆದು ಧ್ವನಿ ಹೊರಡದ ಕಡೆ, ನೇರವಾದ ಸಣ್ಣ ಗೆರೆಗಳು. ಗೆರೆಗಳನ್ನೆಲ್ಲ ಕತ್ತರಿಸಿ ತೆಗೆದ. ಕತ್ತರಿಸಿದ್ದನ್ನು ಅಳಿಸಿದ. ಅಳಿಸಿದ್ದನ್ನು ಖಾಲಿ ಮಾಡಿದ. ಇದನ್ನು ಕಚೇರಿಯಲ್ಲಿ ಪರಿಪೂರ್ಣತೆಯ ಹುಚ್ಚು ಎನ್ನುತ್ತಿದ್ದರು.

ಐದೂವರೆಗೆ ಬ್ಯಾಗಿನ ಉದ್ದ ಪಟ್ಟಿಯನ್ನು ಹೆಗಲಿಗೇರಿಸಿ ಹೊರಟ. ದಾರಿಯಲ್ಲಿ ಕಾರ್ಡನ್ನು ಮತ್ತೊಮ್ಮೆ ತೆಗೆದು ನೋಡಿದ. 'ಉಗ್ಗರಿಗೆ ಮತ್ತು ಉಗ್ಗರ ಮನೆಯವರಿಗೆ' ಎಂದು ಅಚ್ಚಾಗಿತ್ತು. ಕೆಳಗೆ ತಂಗಿಯ ಕೈಬರಹ: 'ಅಣ್ಣಾ, ಈ ಸಲವಾದರೂ ಬಾ. ಮಾತಾಡಬೇಕಾಗಿಲ್ಲ.'

ಕೂಟಕ್ಕೆ ಆ ಹೆಸರು ಬಂದ ಕತೆಯನ್ನು ತಂಗಿಯ ಗಂಡ ಫೋನಿನಲ್ಲಿ ಹಿಂದೊಮ್ಮೆ ಹೇಳಿದ್ದ. ಮೊದಲಿಗೆ ಒಬ್ಬ ಡಾಕ್ಟರು ಇಟ್ಟ ಹೆಸರು 'ನಿರರ್ಗಳ ವಾಗ್ವಿಕಾಸ ಸಂಘ'. ಸದಸ್ಯರಲ್ಲಿ ಒಬ್ಬರಿಗೂ ಆ ಹೆಸರು ಹೇಳಲು ಬರುತ್ತಿರಲಿಲ್ಲ. ಯಾವ ಸಂಘ ಎಂದು ಯಾರಾದರೂ ಫೋನಿನಲ್ಲಿ ಕೇಳಿದರೆ ಇಟ್ಟುಬಿಡುತ್ತಿದ್ದರು. ನೋಂದಣಿ ಕಚೇರಿಯಲ್ಲಿ ತಂಗಿ 'ನಿ' ಹಿಡಿದುಕೊಂಡು ನಿಂತಿದ್ದಾಗ ಗುಮಾಸ್ತ, "ಓಹೋ, ಉಗ್ಗರ ಕೂಟನಾ?" ಎಂದು ಪಕ್ಕದವನ ಕಡೆ ಕಣ್ಣು ಹೊಡೆದನಂತೆ. ಅವಳು ಅರ್ಜಿ ವಾಪಸು ಎಳೆದುಕೊಂಡು, ಡಾಕ್ಟರ ಹೆಸರಿಗೆ ಗೀಟು ಹಾಕಿ, ಗುಮಾಸ್ತ ಹೇಳಿದ್ದನ್ನೇ ಬರೆದು, "ಹೌದು, ಅ-ಅ-ಅದೇ," ಎಂದಳಂತೆ. ಅರ್ಧ ಗಂಟೆ ಬಿಟ್ಟು ಅರ್ಜಿ ವಾಪಸು ಕೊಡಲು ಹೆಸರು ಕೂಗಬೇಕಾದಾಗ ತೊದಲಿದವನು ಗುಮಾಸ್ತ.

ಗ್ರಂಥಾಲಯದ ಹಳೆಯ ಕಟ್ಟಡದ ಮೂರನೆಯ ಮಹಡಿ. ಮೇಲೆ ಕರೆದೊಯ್ದದ್ದೂ ಅವನ ಧ್ವನಿಯೇ.

ಬಾಗಿಲ ಮೇಲೆ ಒಂದು ಹಾಳೆ: 'ಇಲ್ಲಿ ಯಾರ ಮಾತನ್ನೂ ಇನ್ನೊಬ್ಬರು ಮುಗಿಸಕೂಡದು.'

ಒಳಗೆ ಹದಿನೈದು ಕುರ್ಚಿಗಳು ದುಂಡಗೆ ಹಾಕಿದ್ದವು; ಗೋಡೆಯ ಬದಿಗೆ ಇನ್ನೊಂದು ಸಾಲು. ದುಂಡಗಿನವು ಅವರಿಗೆ, ಸಾಲು ಮನೆಯವರಿಗೆ. ದುಂಡಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅವನು ಗೋಡೆಯ ಬದಿಗೆ ಕುಳಿತ. ತಂಗಿ ದೂರದಿಂದ ಕೈ ಎತ್ತಿದಳು. ಬಂದೆಯಾ ಎಂಬಂತೆ, ಅಥವಾ ಅಲ್ಲೇ ಇರು ಎಂಬಂತೆ.

"ಬಂದ್ರಾ ಭಾವ, ಅಂತೂ," ಎಂದು ತಂಗಿಯ ಗಂಡ ಪಕ್ಕದ ಕುರ್ಚಿಗೆ ಸರಿದ. "ಇಲ್ಲಿ ಕೂತ್ಕೊಂಡು ಸುಮ್ನೆ ಕೇಳೋದು. ಅದೇ ನಮ್ಮ ಕೆಲಸ."

ದುಂಡಿನಲ್ಲಿ ಟ್ಯಾಕ್ಸಿ ಓಡಿಸುವವನೊಬ್ಬ ಎದುರಿನವನಿಗೆ, "ಏ ಉಗ್ಗ, ಆ ಬ್-ಬ್-ಬ್ಯಾಗ್ ತೆಗಿಯೋ" ಎಂದ. "ತೆ-ತೆಗೀತೀನಿ ಕಣೋ, ಮಹಾಉಗ್ಗ," ಎಂದ ಎದುರಿನವನು. ಇಬ್ಬರೂ ನಕ್ಕರು. ಅವನು ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಒತ್ತಿಕೊಂಡ.

"ನೀವು ಅಂತೀರಾ?" ಎಂದು ತಂಗಿಯ ಗಂಡನನ್ನು ಮೆಲ್ಲಗೆ ವಿಚಾರಿಸಿದ. "ಆ ಪದ. ಮನೆಯಲ್ಲಿ."

"ಅಯ್ಯೋ, ಒಂದ್ಸಲ ಅಂದೆ. ಮದುವೆಯಾಗಿ ಮೂರು ವರ್ಷಕ್ಕೆ. ಮುದ್ದು ಮಾಡ್ತಾನೇ ಅಂದಿದ್ದು. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆಗಳು ಮಾತಾಡಿದ್ವು, ಅವಳು ಮಾತಾಡ್ಲಿಲ್ಲ." ತಂಗಿಯ ಗಂಡ ತನ್ನ ಬೋಳುತಲೆ ಸವರಿಕೊಂಡ. "ಆಮೇಲೆ ಯೋಚಿಸಿದೆ. ಟಿಕೆಟ್ ಕೌಂಟರ್‌ನಲ್ಲಿ ನಾನು ಊರ ಹೆಸರು ಹೇಳ್ತೀನಿ, ಬರ್ತೀನಿ. ಅವಳಿಗೆ ಹೋಗೋ ಊರು ಹೇಳೋಕೆ ಬರಲಿಲ್ಲ ಅಂತ ಹತ್ತಿರದ ಊರಿಗೆ ಟಿಕೆಟ್ ತಗೊಂಡು, ಇಳಿದು, ನಡ್ಕೊಂಡು ಹೋಗಿದಾಳೆ ಭಾವ. ಅಂಥದ್ದೊಂದು ನಾನು ನಡೆದಿಲ್ಲ. ಸುಮ್ನಾದೆ."

ಅವನು ನಡೆದಿದ್ದ.

ಪರಿಚಯದ ಸುತ್ತು ಶುರುವಾಯಿತು. ಕೂಟದ ಪದ್ಧತಿ ಒಂದೇ: ಎದ್ದು ನಿಂತು ಸ್ವಂತ ಹೆಸರು ಹೇಳಬೇಕು. ಬೇರೇನೂ ಬೇಡ. ಎಷ್ಟು ಹೊತ್ತಾದರೂ ಸರಿ. ಎಲ್ಲರೂ ಮುಖವನ್ನೇ ನೋಡುತ್ತಿರಬೇಕು, ನೆಲ ನೋಡಬಾರದು. ಹೇಳಿ ಮುಗಿಸಿದ ಮೇಲೆ ಎಲ್ಲರೂ, "ಉಗ್ಗ, ಕೇಳಿಸಿತು," ಎನ್ನಬೇಕು. ಹೆಂಗಸಾದರೆ, "ಉಗ್ಗಿ, ಕೇಳಿಸಿತು."

ಮುದುಕ ಟೈಲರ್ ಒಬ್ಬರು ಮಾತ್ರ ಇದಕ್ಕೆ ಹೊರತು. ಅವರು ಹೆಸರು ಹೇಳಿದಾಗ, "ತಾತ, ಕೇಳಿಸಿತು," ಎಂದರು.

"ಅವರಿಗೆ ಆ ಪದ ಆಗಲ್ಲ," ಎಂದು ತಂಗಿಯ ಗಂಡ ಪಿಸುಗುಟ್ಟಿದ. "ಶಾಲೇಲಿ ಮೇಷ್ಟ್ರು ಅದನ್ನ ಹೇಳ್ಕೊಂಡೇ ಹೊಡೀತಿದ್ರಂತೆ. ನೀವು ಅದನ್ನ ಹಾರ ಮಾಡಿ ಹಾಕ್ಕೊಳ್ಳಿ, ನನ್ನ ಕತ್ತಿಗೆ ಬೇಡ ಅಂತಾರೆ. ಒಪ್ಪದೋರಿಗೆ ಹಾಕೋ ಹಾಗಿಲ್ಲ, ಇಲ್ಲಿ ಹಂಗೆ."

ಹೊಸದಾಗಿ ಬಂದಿದ್ದ ಲ್ಯಾಬ್ ಟೆಕ್ನಿಶಿಯನ್ ಒಬ್ಬಳು ಎದ್ದಳು. ಅವಳ ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು, ಏನೂ ಬರಲಿಲ್ಲ. ಎದುರಿಗೆ ಗಡಿಯಾರವಿತ್ತು. ನಲವತ್ತು ಸೆಕೆಂಡು. ಯಾರೂ ಅಲುಗಲಿಲ್ಲ, ಯಾರೂ ಸಹಾಯ ಮಾಡಲಿಲ್ಲ. ಅವನು ತನ್ನ ಕುರ್ಚಿಯ ಅಂಚನ್ನು ಹಿಡಿದುಕೊಂಡಿದ್ದ. ಹೆಸರು ಹೊರಬಂತು, ಎರಡೇ ಅಕ್ಷರದ ಹೆಸರು.

"ಉಗ್ಗಿ, ಕೇಳಿಸಿತು!"

ಅವಳು ಕೂತು, ಕೈಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ಪದ ಹೀಗೂ ಬೀಳಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಚಳಿಯಲ್ಲಿ ಯಾರೋ ಹೆಗಲ ಮೇಲೆ ಶಾಲು ಹೊದಿಸಿದ ಹಾಗೆ.

ಗೋಡೆ ಸಾಲಿನಿಂದ ತಾಯಿಯೊಬ್ಬಳು ಕೈ ಎತ್ತಿದಳು. "ನಮ್ಮ ಹುಡುಗೀನ ಮನೇಲಿ ನಾವೂ ಹಾಗೆ ಕರೆದ್ರೆ ಅವಳಿಗೆ ಧೈರ್ಯ ಬರುತ್ತಾ?"

ತಂಗಿ ಉತ್ತರಿಸಿದಳು. ಅವಸರವಿಲ್ಲದೆ, ಸಿಕ್ಕಿಕೊಂಡ ಕಡೆ ನಿಂತು, ಮತ್ತೆ ಹೊರಟು. "ಬ್-ಬೇಡಮ್ಮ. ಅವಳಾಗೇ ಕರ್ಕೊಂಡ್ರೆ ಕ್-ಕರ್ಕೊಳ್ಳಲಿ. ನಾವು ಒಬ್ಬರಿಗೊಬ್ಬರು ಅಂದಾಗ ಅದರ ಹಿಂದೆ 'ನನಗೂ' ಅಂತ ಒಂದು ಇರುತ್ತೆ. ನೀವು ಅಂದಾಗ 'ನ್-ನಿನಗೆ' ಅಂತಷ್ಟೇ ಇರುತ್ತೆ. ನೀವು ಪ್ರೀತಿಯಿಂದಾನೇ ಅನ್ನಿ. ಅವಳ ಕಿವಿಗೆ ಮ್-ಮೊದಲು ತಲುಪೋದು ಶಾಲೆ."

ಅವಳು ಅವನ ಕಡೆ ನೋಡಲಿಲ್ಲ. ನೋಡಬೇಕಾಗಿರಲಿಲ್ಲ.

ಶಾಲೆ. ಉದ್ದನೆಯ ಹಜಾರ. ಅವನಿಗೆ ಹನ್ನೆರಡು, ಅವಳಿಗೆ ಒಂಬತ್ತು. ಒಂದು ತಿಂಗಳಿಂದ ಹುಡುಗರು ಅವನನ್ನು ಉಗ್ಗ ಎನ್ನತೊಡಗಿದ್ದರು. ಇನ್ನೂ ಪೂರ್ತಿ ಅಂಟಿರಲಿಲ್ಲ. ಕೆರೆದರೆ ಬಿಡುವ ಹಾಗಿತ್ತು. ಆ ಮಧ್ಯಾಹ್ನ ಅವಳು ಮನೆಯ ಬೀಗದ ಕೈ ಕೇಳಲು ಅವನ ಬಳಿ ಓಡಿ ಬಂದಳು. "ಅ-ಅ-ಅ" ಎಂದಳು, ಅಣ್ಣ ಎನ್ನುವುದು ಬರಲಿಲ್ಲ. ಹುಡುಗರು ಸುತ್ತ ನಿಂತಿದ್ದರು. "ಏ ಉಗ್ಗಿ, ಬೇಗ ಹೇಳು," ಎಂದ ಅವನು. ದೊಡ್ಡದಾಗಿ. ಆ ಪದ ಎಲ್ಲೂ ತಡೆಯದೆ, ಗುಂಡು ಹಾರಿದಂತೆ ಹೋಯಿತು.

ಹುಡುಗರು ಹೋ ಎಂದು ನಕ್ಕರು. ಪದ ಅಂದೇ ಮನೆ ಬದಲಿಸಿತು. ಅವಳ ಶಾಲೆ ಮುಗಿಯುವ ತನಕ ಅವಳಲ್ಲೇ ಇತ್ತು. ಅವನು ಆಮೇಲೆ ಪದಗಳನ್ನು ಬದಲಿಸುವುದು ಕಲಿತ. ಯಾರೂ ಅವನನ್ನು ಮತ್ತೆ ಹಾಗೆ ಕರೆಯಲಿಲ್ಲ.

ಖಾಲಿ ಕುರ್ಚಿ ಹಾಗೇ ಇತ್ತು. ಅವನು ಎದ್ದು ಹೋಗಿ ಅದರ ಮುಂದೆ ನಿಂತದ್ದು ಅವನಿಗೇ ಆಮೇಲೆ ತಿಳಿಯಿತು. ಎಲ್ಲರೂ ತಿರುಗಿದರು. ಹೆಸರು ಹೇಳಬೇಕಾಗಿತ್ತು. ಗಂಟಲಲ್ಲಿ ಚಿಲಕ ಬಿತ್ತು. ಎಂದಿನ ಹಾಗೆ, ಅವನು ಕೇಳದೆಯೇ, ಬೇರೊಂದು ಮಾತು ಸಿದ್ಧವಾಗಿ ಬಂದು ನಿಂತಿತು.

"ನಾನೂ ಒಬ್ಬ ಉಗ್ಗ," ಎಂದ.

ತುಂಬು ಧ್ವನಿ. ಅವಸರವಿಲ್ಲ, ಅನುಮಾನವಿಲ್ಲ.

ಕೋಣೆ ಅದನ್ನು ಅಣಕ ಎಂದುಕೊಂಡಿತು. ಲ್ಯಾಬಿನವಳು ಮುಖ ಆ ಕಡೆ ತಿರುಗಿಸಿದಳು.

ಟ್ಯಾಕ್ಸಿಯವನು ಕಣ್ಣು ಕಿರಿದು ಮಾಡಿದ. "ಈ ಧ್-ಧ್ವನಿ ನಾನು ಕೇಳಿದೀನಿ ಸಾರ್. ಲಿಫ್ಟಲ್ಲಿ. ಅದು ನೀವಾ?"

ಯಾರೋ ನಕ್ಕರು. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು, ವಿಸಿಟಿಂಗ್ ಕಾರ್ಡ್ ಹೊರಬಂತು, ಮುಗುಳ್ನಗೆಯೂ ಬಂತು. ಹತ್ತಿರದಲ್ಲಿದ್ದ ಟೈಲರ್ ತಾತ ಅದನ್ನು ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದರು. ಓದಿದರು. ಮೊದಲಕ್ಷರ ನೋಡಿದರು. ಅವನ ಗಂಟಲು ನೋಡಿದರು.

"ಇದು ನ-ನ-ನಮ್ಮೋರದೇ ಕೆಲಸ," ಎಂದರು ಮೆಲ್ಲಗೆ. "ನಾನೂ ಚ್-ಚೀಟಿ ಇಟ್ಕೊಂಡಿದ್ದೆ. ಮೂವತ್ತು ವರ್ಷ. ಗಿರಾಕಿಗಳಿಗೆ ಕೊಡೋಕೆ."

ಟ್ಯಾಕ್ಸಿಯವನ ಮುಖ ಸಡಿಲವಾಯಿತು. "ಬ-ಬಚ್ಚಿಡೋ ಪೈಕಿನಾ? ನಾನೂ ಆರು ವರ್ಷ ಬಚ್ಚಿಟ್ಟಿದ್ದೆ, ಕಿವಿ ಕೇಳಲ್ಲ ಅಂತ ನಟನೆ ಮಾಡ್ಕೊಂಡು. ಪರವಾಗಿಲ್ಲ ಸಾರ್. ಹೆಸರು ಹೇಳಿ, ಕ್-ಕೂತ್ಕೊಳ್ಳಿ. ಅಷ್ಟೇ."

ಅಷ್ಟೇ.

ಅವನು ತಂಗಿಯನ್ನು ನೋಡಿದ. ಈ ಲೋಕದಲ್ಲಿ ಅವನಿಗಿದ್ದ ಸಾಕ್ಷಿ ಅವಳೊಬ್ಬಳೇ.

"ನಮ್ಮಣ್ಣ ಉಗ್ಗ್ತಾನೆ," ಎಂದಳು ಅವಳು ಎಲ್ಲರಿಗೂ. "ನ-ನನಗೆ ಗೊತ್ತು. ಆ ಕುರ್ಚೀಲಿ ಕೂತ್ಕೊಬಹುದು." ಸ್ವಲ್ಪ ಹೊತ್ತು ಏನೂ ಬರಲಿಲ್ಲ, ಅದು ಸಿಕ್ಕಿಕೊಂಡದ್ದೋ, ಯೋಚಿಸಿದ್ದೋ, ಹೇಳುವುದು ಸಾಧ್ಯವಿರಲಿಲ್ಲ. "ಆದ್ರೆ ಆ ಪದ ಅವನ ಬಾಯಲ್ಲಿ ಬೇಡ. ಅದು ಅವನ ಬಾಯಿಂದ ಆವತ್ತು ಹೇಗೆ ಬಂತೋ ಇವತ್ತೂ ಹ್-ಹಾಗೇ ಬಂತು. ಹೆಸರು ಹೇಳಲಿ. ಹೆಸರು ಹೇಳಿದ ಮೇಲೆ ನ್-ನೋಡೋಣ."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಅವರು ಕಾದರು. ಹದಿನಾಲ್ಕು ಮುಖಗಳು ಅವನ ಮುಖವನ್ನೇ ನೋಡಿದವು; ಒಂದೂ ನೆಲ ನೋಡಲಿಲ್ಲ. ಬಾಯಿ ತೆರೆದ. ದವಡೆ ಅಲ್ಲೇ ನಿಂತಿತು. ಹತ್ತು ಸೆಕೆಂಡು. ಇಪ್ಪತ್ತು. ಟೈಲರ್ ತಾತನ ಕೈಯಲ್ಲಿ ಹೆಸರು ಅಚ್ಚಾಗಿತ್ತು, ಅವರು ಓದಿದ್ದರು, ತುಟಿ ಅಲುಗಿಸಲಿಲ್ಲ. ಬಾಗಿಲ ಮೇಲಿನ ಹಾಳೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರನ್ನು ಅವನು ಕಂಡಿರಲಿಲ್ಲ. ಯಾರಾದರೂ ನಗಬಾರದೇ, ಕೆಮ್ಮಬಾರದೇ, ಅಣಕಿಸಬಾರದೇ ಎಂದು ಅವನು ಹಾತೊರೆದ. ಅದನ್ನು ದಾಟುವುದು ಅವನಿಗೆ ಗೊತ್ತಿತ್ತು. ಕಾಯುವವರನ್ನು ದಾಟುವುದು ಯಾವ ನಿಘಂಟಿನಲ್ಲೂ ಇರಲಿಲ್ಲ.

ಐವತ್ತು. ಅರುವತ್ತು. ಇಷ್ಟು ಹೊತ್ತಿನ ನೇರ ಗೆರೆ ಎಂದೂ ಅವನ ಪರದೆಯ ಮೇಲೆ ಬಂದಿರಲಿಲ್ಲ.

ಕ್ಷಮಿಸಿ ಎನ್ನಬೇಕಾಗಿತ್ತು.

"ಮನ್ನಿಸಿ," ಎಂದ, ಸುಲಲಿತವಾಗಿ. "ತುರ್ತಾಗಿ ಹೋಗಬೇಕಾಗಿದೆ."

ಯಾರೂ ತಡೆಯಲಿಲ್ಲ. ಹಿಂದೆ ತಂಗಿಯ ಗಂಡ, "ಭಾವ..." ಎಂದು ಎದ್ದದ್ದು, ತಂಗಿ ಅವನ ತೋಳು ಹಿಡಿದು ಕೂರಿಸಿದ್ದು ಬಾಗಿಲ ಗಾಜಿನಲ್ಲಿ ಕಾಣಿಸಿತು. ಖಾಲಿ ಕುರ್ಚಿಯನ್ನು ಯಾರೂ ಎತ್ತಿಡಲಿಲ್ಲ. ಅವನು ಹಜಾರಕ್ಕೆ ಬರುವಷ್ಟರಲ್ಲಿ ಒಳಗೆ ಮುಂದಿನವರ ಹೆಸರು ಹೊರಬಂದು, "ಉಗ್ಗ, ಕೇಳಿಸಿತು!" ಎಂದು ಎಲ್ಲರೂ ಕೂಗಿದರು. ಒಂದು ಕ್ಷಣ ಅವನು ತಿರುಗಿ ನೋಡಿದ. ತನಗಲ್ಲ.

ಲಿಫ್ಟ್ ತೆರೆದೇ ನಿಂತಿತ್ತು. ಒಳಗೆ ಹೋಗಿ ಗುಂಡಿ ಒತ್ತಿ, ಹಿಂದಿನ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಹೆಗಲಿನಿಂದ ಬ್ಯಾಗು ಜಾರಿ ನೆಲಕ್ಕೆ ಬಿತ್ತು. ಅದರ ಉದ್ದ ಪಟ್ಟಿ ಹೊಸ್ತಿಲ ಮೇಲೆ ಹರಡಿತು.

ಬಾಗಿಲು ಮುಚ್ಚತೊಡಗಿತು. "ಕೆ" ಎಂದಿತು ಜಾಲರಿಯೊಳಗಿನ ಧ್ವನಿ. ಬಾಗಿಲು ಪಟ್ಟಿಗೆ ತಾಗಿ ಮತ್ತೆ ತೆರೆದುಕೊಂಡಿತು. ಧ್ವನಿ ಅಲ್ಲಿಗೇ ತುಂಡಾಯಿತು.

ಮತ್ತೆ ಮುಚ್ಚತೊಡಗಿತು. "ಕೆ."

ತೆರೆಯಿತು. ಅವನು ಕಣ್ಣು ಬಿಟ್ಟ. ಎದುರಿಗೆ ಖಾಲಿ ಹಜಾರ. ಅದರ ಕೊನೆಯಲ್ಲಿ ಬೆಳಕಿರುವ ಬಾಗಿಲು, ಆ ಹಾಳೆ.

"ಕೆ."

ಕಾಲಿನಿಂದ ಪಟ್ಟಿಯನ್ನು ಈಚೆಗೆ ಎಳೆದುಕೊಂಡರೆ ಸಾಕಾಗಿತ್ತು. ಅವನು ಎಳೆದುಕೊಳ್ಳಲಿಲ್ಲ. ತಲೆಯೆತ್ತಿ, ಜಾಲರಿಯನ್ನೇ ನೋಡುತ್ತ, ನೆಲ ನೋಡದೆ, ನಿಂತ.

"ಕೆ," ಎಂದಿತು ಅವನ ಧ್ವನಿ. "ಕೆ. ಕೆ."

ಅವನು ಕಾದ.